ವಿಲೋಮ ಸರಿಯೇ? ಮೂರು ಬಗೆಯ ತಾಳೆ ನೋಡಿದ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ಹೊತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮಾತೃಕೆಯ ವಿಲೋಮ ಕಂಡುಹಿಡಿದ ಮೇಲೆ ಅದನ್ನು ಮೂಲ ಮಾತೃಕೆಯೊಂದಿಗೆ ಗುಣಿಸಿ ಏಕಮಾನ ಮಾತೃಕೆ ಬರುತ್ತದೆಯೇ ಎಂದು ನೋಡದೆ ಯಾರೂ ಪುಟ ತಿರುಗಿಸಬಾರದು ಎಂಬುದು ನನ್ನ ತರಗತಿಯ ನಿಯಮ. ಆದರೆ ಹೇಗೆ ಗುಣಿಸಬೇಕು? ಪೂರ್ತಿಯಾಗಿಯೇ, ಒಂದು ಸಾಲಿನ ಮಟ್ಟಿಗೆಯೇ? ಬಲದಿಂದಲೇ, ಎಡದಿಂದಲೇ? ಈ ವರ್ಷ ಬೇರೆ ಬೇರೆ ದಾರಿಗಳನ್ನು ಒಂದೇ ಲೆಕ್ಕದ ಮೇಲೆ ಹಚ್ಚಿ ನೋಡಿದೆ.

ಲೆಕ್ಕ ಇದು. ಎಡಗಡೆ ಮೂಲ ಮಾತೃಕೆ A, ಬಲಗಡೆ ಅದರ ಅಡ್ಜಾಯಿಂಟ್. ನಿರ್ಧಾರಕದ ಬೆಲೆ 3.

```
A =  2   1   3      adj A = -3   2   7
     1  -2   1               0  -1   1
     1   1   1               3  -1  -5
```

ಮೊದಲನೆಯದು ಪೂರ್ತಿ ಗುಣಾಕಾರ. ಇಲ್ಲಿ ನನ್ನದೊಂದು ಹಟವಿದೆ: 3ರಿಂದ ಭಾಗಿಸುವ ಮೊದಲೇ ತಾಳೆ ನೋಡಬೇಕು. ಭಾಗಿಸಿದ ಮೇಲೆ ಗುಣಿಸಿದರೆ ಭಿನ್ನರಾಶಿಗಳ ಗೊಂದಲದಲ್ಲಿ ತಾಳೆಯೇ ತಪ್ಪಾಗುತ್ತದೆ. A ಯನ್ನು ಅಡ್ಜಾಯಿಂಟ್‌ನೊಂದಿಗೆ ಗುಣಿಸಿದರೆ ಮುಖ್ಯ ಕರ್ಣದಲ್ಲಿ ಮೂರು ಬಾರಿ 3, ಉಳಿದೆಡೆ ಸೊನ್ನೆ ಬರಬೇಕು. ಎಲ್ಲವೂ ಪೂರ್ಣಾಂಕ. ಕರ್ಣದಲ್ಲಿ ಬರುವ ಸಂಖ್ಯೆಯೇ ನಿರ್ಧಾರಕವಾದ್ದರಿಂದ ಅದರ ಲೆಕ್ಕವೂ ಜೊತೆಯಲ್ಲೇ ಪರೀಕ್ಷೆಗೆ ಒಳಗಾಗುತ್ತದೆ.

ಈ ವಿಧಾನ 27 ಗುಣಾಕಾರ ಕೇಳುತ್ತದೆ, ನಿಜ. ಆದರೂ ನಾನು ಇದನ್ನೇ ಮೇಲೆ ಇಡುತ್ತೇನೆ, ಏಕೆಂದರೆ ತಪ್ಪು ಇದೆ ಎಂದಷ್ಟೇ ಅಲ್ಲ, ಎಲ್ಲಿದೆ ಎಂದೂ ಹೇಳುತ್ತದೆ. ಮಕ್ಕಳು ಹೆಚ್ಚಾಗಿ ಎಡವುವುದು ಎರಡನೆಯ ಅಡ್ಡಸಾಲಿನ ಕೋಫ್ಯಾಕ್ಟರ್‌ಗಳ ಚಿಹ್ನೆಯಲ್ಲಿ. ಅಲ್ಲಿ ಋಣ, ಧನ, ಋಣ ಎಂದು ಸಾಗಬೇಕು. ಒಬ್ಬ ಹುಡುಗ ಮೊದಲ ಋಣ ಚಿಹ್ನೆಯನ್ನು ಮರೆತ, ಅಡ್ಜಾಯಿಂಟ್‌ನ ಮೊದಲ ಸಾಲಿನ 2 ಅವನ ಪುಸ್ತಕದಲ್ಲಿ −2 ಆಯಿತು. ಗುಣಿಸಿದಾಗ ಒಂದು ಮತ್ತು ಮೂರನೆಯ ಕಂಬಸಾಲುಗಳು ಸರಿಯಾಗಿಯೇ ಬಂದವು. ಎರಡನೆಯದು ಮಾತ್ರ 0, 3, 0 ಆಗುವ ಬದಲು −8, −1, −4 ಆಯಿತು. ವ್ಯತ್ಯಾಸ ತೆಗೆದರೆ −8, −4, −4. ಇದು A ಯ ಮೊದಲ ಕಂಬಸಾಲಾದ 2, 1, 1ರ ಸರಿಯಾಗಿ −4 ಪಟ್ಟು.

ಇಷ್ಟು ಸಿಕ್ಕಿತೆಂದರೆ ತಪ್ಪಿನ ಪೂರ್ತಿ ವಿಳಾಸ ಸಿಕ್ಕಿದಂತೆ. ಕೆಟ್ಟಿರುವುದು ಎರಡನೆಯ ಕಂಬಸಾಲು, ಆದ್ದರಿಂದ ತಪ್ಪು ಅಡ್ಜಾಯಿಂಟ್‌ನ ಎರಡನೆಯ ಕಂಬಸಾಲಿನಲ್ಲಿದೆ. ವ್ಯತ್ಯಾಸ ಹೋಲುವುದು A ಯ ಮೊದಲ ಕಂಬಸಾಲನ್ನು, ಆದ್ದರಿಂದ ಅದು ಮೊದಲ ಅಡ್ಡಸಾಲಿನಲ್ಲಿದೆ. ಅಲ್ಲಿನ ಸಂಖ್ಯೆ ಇರಬೇಕಾದುದಕ್ಕಿಂತ 4 ಕಡಿಮೆ, ಅಂದರೆ −2 ಅಲ್ಲ, 2. ಹುಡುಗ ಒಂಬತ್ತು ಕೋಫ್ಯಾಕ್ಟರ್‌ಗಳನ್ನು ಮತ್ತೆ ಮಾಡಲಿಲ್ಲ, ಒಂದನ್ನು ತಿದ್ದಿದ. ಎರಡು ಮೂರು ಕಡೆ ತಪ್ಪಿದ್ದರೆ ಈ ಪತ್ತೆ ಇಷ್ಟು ಸುಲಭವಲ್ಲ. ಆಗಲೂ ಯಾವ ಕಂಬಸಾಲು ಎಂಬುದಂತೂ ಗೊತ್ತಾಗುತ್ತದೆ.

ಎರಡನೆಯದು ಸಾಲುಮೊತ್ತದ ತಾಳೆ. A ಯ ಪ್ರತಿ ಅಡ್ಡಸಾಲನ್ನು ಕೂಡಿಸಿದರೆ 6, 0, 3. ಈ ಮೂರನ್ನು ಕಂಬಸಾಲಾಗಿ ಇಟ್ಟು ಅಡ್ಜಾಯಿಂಟ್‌ನಿಂದ ಗುಣಿಸಿದರೆ ಮೂರು ಕಡೆಯೂ 3 ಬರಬೇಕು. ಒಂಬತ್ತೇ ಗುಣಾಕಾರ. ಸಮಯ ಸಾಲದಿದ್ದಾಗ ಇದು ಬಹಳ ಆಕರ್ಷಕ, ಆದರೆ ಇದೇ ಲೆಕ್ಕದಲ್ಲಿ ಕೈಕೊಡುತ್ತದೆ. ಎರಡನೆಯ ಸಾಲಿನ ಮೊತ್ತ ಸೊನ್ನೆಯಾದ್ದರಿಂದ ಅಡ್ಜಾಯಿಂಟ್‌ನ ಎರಡನೆಯ ಕಂಬಸಾಲಿನಲ್ಲಿ ಏನೇ ಬರೆದಿದ್ದರೂ ಅದು ಸೊನ್ನೆಯೊಂದಿಗೆ ಗುಣಿಸಲ್ಪಟ್ಟು ಮಾಯವಾಗುತ್ತದೆ. ಆ −2 ಇದ್ದರೂ ಉತ್ತರ 3, 3, 3.

ಸಾಲುಗಳನ್ನು ಸುಮ್ಮನೆ ಕೂಡಿಸುವ ಬದಲು 1, 2, 3 ಎಂಬ ತೂಕ ಕೊಟ್ಟು ನೋಡಿದೆ. 1 − 4 + 3, ಮತ್ತೆ ಸೊನ್ನೆ! 1, 10, 100 ಕೊಟ್ಟಾಗ ಮೊತ್ತಗಳು 312, 81, 111 ಆದವು. ಸರಿಯಾದ ಅಡ್ಜಾಯಿಂಟ್‌ನಿಂದ ಗುಣಿಸಿದರೆ 3, 30, 300 ಬರುತ್ತದೆ. −2 ಇರುವ ಅಡ್ಜಾಯಿಂಟ್ ಮೊದಲ ಜಾಗದಲ್ಲೇ −321 ಕೊಟ್ಟು ಸಿಕ್ಕಿಬೀಳುತ್ತದೆ. ದೊಡ್ಡ ಮಾತೃಕೆಗಳ ಗುಣಲಬ್ಧವನ್ನು ಹೀಗೆ ಯಾದೃಚ್ಛಿಕ ತೂಕಗಳಿಂದ ಪರೀಕ್ಷಿಸುವ ವಿಧಾನವನ್ನು ಲಾಟ್ವಿಯಾದ ಫ್ರೈವಾಲ್ಡ್ಸ್ 1977ರಲ್ಲಿ ಮಂಡಿಸಿದರು. ಪ್ರತಿ ಬಾರಿ ಹೊಸದಾಗಿ 0 ಅಥವಾ 1ನ್ನು ತೂಕವಾಗಿ ಆರಿಸಿದರೆ ತಪ್ಪು ನುಸುಳುವ ಸಂಭವ ಹೆಚ್ಚೆಂದರೆ ಅರ್ಧ. ಹತ್ತು ಬಾರಿ ಮಾಡಿದರೆ 1024ರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ನಮ್ಮ ಮೂರು ಸಾಲಿನ ಲೆಕ್ಕಕ್ಕೆ ಅಷ್ಟೆಲ್ಲ ಬೇಡ, ಸಾಲುಮೊತ್ತ ಸೊನ್ನೆಯಾಗದಂತೆ ತೂಕ ಆರಿಸಿದರೆ ಸಾಕು.

ಇನ್ನು ಬಲ, ಎಡದ ಪ್ರಶ್ನೆ. ಚೌಕ ಮಾತೃಕೆಗಳಲ್ಲಿ AX ಏಕಮಾನವಾದರೆ XA ಕೂಡ ಏಕಮಾನ, ಆದ್ದರಿಂದ ಒಂದು ಕಡೆ ಗುಣಿಸಿದರೆ ಸಾಕು ಎಂದು ತರಗತಿಯಲ್ಲಿ ಹೇಳುತ್ತೇನೆ. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಕೇಳಿದಳು: “ದೊಡ್ಡಮ್ಮ, ದಶಮಾಂಶದಲ್ಲಿ ಗುಣಲಬ್ಧ ಸರಿಯಾಗಿ ಏಕಮಾನ ಬರುವುದೇ ಇಲ್ಲ, ಹತ್ತಿರ ಬರುತ್ತದೆ ಅಷ್ಟೆ. ಆಗಲೂ ಒಂದು ಕಡೆ ಸಾಕೇ?” ಸಾಲದು. ಅವಳಿಗಾಗಿ ಕಟ್ಟಿದ ಉದಾಹರಣೆ ಇದು. ಇದರ ನಿಜವಾದ ವಿಲೋಮದಲ್ಲಿ −98, 99, 99, −100 ಇರುತ್ತವೆ. ಒಂದೊಂದನ್ನೂ ಬೇಕೆಂದೇ 0.01ರಷ್ಟು ಕದಲಿಸಿ X ಬರೆದೆ.

```
A = 100  99     X = -97.99    99.01
     99  98          98.99  -100.01

AX = 1.01  0.01     XA =  2.99   1.97
     0.01  1.01          -1.99  -0.97
```

AX ನೋಡಿದರೆ ಶೇಕಡಾ ಒಂದರ ತಪ್ಪು, ಯಾರಾದರೂ ಒಪ್ಪಿಕೊಳ್ಳುತ್ತಾರೆ. XA ನೋಡಿದರೆ ಅದು ಏಕಮಾನದ ಹತ್ತಿರವೂ ಇಲ್ಲ. ಕಂಪ್ಯೂಟರಿನಲ್ಲಿ ಪೈಥಾನ್‌ನ NumPy ಬಳಸಿ ಎರಡನ್ನೂ ಅಳೆದರೆ ಕೆಳಗಿನ ಮೊದಲನೆಯ ಸಾಲು ಸುಮಾರು 0.01, ಎರಡನೆಯದು ಸುಮಾರು 1.99 ತೋರಿಸುತ್ತದೆ.

```
np.abs(A @ X - np.eye(2)).max()
np.abs(X @ A - np.eye(2)).max()
```

ಯಾವುದನ್ನು ನಂಬಬೇಕು ಎಂಬುದು ವಿಲೋಮ ಯಾತಕ್ಕೆ ಬೇಕು ಎಂಬುದರ ಮೇಲೆ ನಿಂತಿದೆ. 100x + 99y = 199, 99x + 98y = 197 ಎಂಬ ಸಮೀಕರಣಗಳಿಗೆ x = 1, y = 1 ಉತ್ತರ. X ನಿಂದ ಬಿಡಿಸಿದರೆ 4.96 ಮತ್ತು −2.96 ಬರುತ್ತದೆ! ಆ ತಪ್ಪು ಉತ್ತರವನ್ನೇ ಸಮೀಕರಣಗಳಲ್ಲಿ ಹಾಕಿದರೆ 202.96 ಮತ್ತು 200.96 ಸಿಗುತ್ತವೆ, ಅಂದರೆ ಶೇಕಡಾ ಎರಡರಷ್ಟು ಮಾತ್ರ ವ್ಯತ್ಯಾಸ. ಸಮೀಕರಣ ಎಷ್ಟು ಹೊಂದುತ್ತದೆ ಎಂಬುದನ್ನು AX ಹೇಳುತ್ತದೆ, ಉತ್ತರ ಎಷ್ಟು ಸರಿ ಎಂಬುದನ್ನು XA ಹೇಳುತ್ತದೆ. ಸಮೀಕರಣ ಬಿಡಿಸಲೆಂದೇ ವಿಲೋಮ ತೆಗೆಯುವವರು XA ಕಡೆಯನ್ನು ಬಿಡಲೇಬಾರದು.

199 ಮತ್ತು 197 ಈ A ಯ ಸಾಲುಮೊತ್ತಗಳೇ ಎಂಬುದನ್ನು ಗಮನಿಸಿ. ಸಾಲುಮೊತ್ತದ ತಾಳೆ ಎಂದರೆ ಉತ್ತರ ಎಲ್ಲವೂ 1 ಎಂದು ಮೊದಲೇ ಗೊತ್ತಿರುವ ಸಮೀಕರಣವನ್ನು ಬಿಡಿಸುವುದು. ಪೂರ್ಣಾಂಕದ ಲೆಕ್ಕದಲ್ಲಿ ಎರಡನೆಯ ಸ್ಥಾನ ಕೊಟ್ಟ ಇದೇ ತಾಳೆ ಇಲ್ಲಿ ನಾಲ್ಕೇ ಗುಣಾಕಾರದಲ್ಲಿ ದೋಷವನ್ನು ಹೊರಗೆಳೆಯಿತು, AXನ ಪೂರ್ತಿ ಗುಣಾಕಾರ ಅದನ್ನು ಮುಚ್ಚಿಟ್ಟಿತ್ತು. ಕದಲಿಕೆಯನ್ನು 0.0001ಕ್ಕೆ ಇಳಿಸಿದರೆ, ಅಂದರೆ ವಿಲೋಮದಲ್ಲಿ ಇನ್ನೆರಡು ದಶಮಾಂಶ ಸ್ಥಾನ ಸರಿಯಿದ್ದರೆ, ಉತ್ತರ 1.0396 ಮತ್ತು 0.9604ಕ್ಕೆ ಬರುತ್ತದೆ. ಇಂಥ ಮಾತೃಕೆಗೆ ಎಷ್ಟು ಸ್ಥಾನ ಇಟ್ಟುಕೊಳ್ಳಬೇಕು ಎಂಬುದನ್ನು ನನ್ನ ತಂಗಿಯ ಮಗಳು ಈಗ ಹೀಗೆಯೇ ನಿರ್ಧರಿಸುತ್ತಾಳೆ: ಸಾಲುಮೊತ್ತದ ಉತ್ತರ ತನಗೆ ಬೇಕಾದಷ್ಟು 1ರ ಹತ್ತಿರ ಬರುವವರೆಗೆ ಸ್ಥಾನಗಳನ್ನು ಹೆಚ್ಚಿಸುತ್ತಾಳೆ.