ಬಿಲ್ ಇದೆ, ಸಹಿ ಇದೆ, ವೆಂಡರ್ ಮಾತ್ರ ಇಲ್ಲ: ಪೇಮೆಂಟ್ ಟೆಸ್ಟ್‌ಗೆ ಕೂರುವವರು ಓದಿ

ಆಡಿಟ್ ಆಫೀಸಿಗೆ ಹೊಸದಾಗಿ ಸೇರಿದ ಆರ್ಟಿಕಲ್‌ಗಳಿಗೆ ಮೊದಲು ಸಿಗುವ ಕೆಲಸ ಪೇಮೆಂಟ್ ವೋಚಿಂಗ್. ಪಟ್ಟಿಯಿಂದ 25 ಪಾವತಿ ಆರಿಸಿಕೊಳ್ಳಬೇಕು, ಬಿಲ್ ನೋಡಬೇಕು, ಅನುಮೋದನೆಯ ಸಹಿ ನೋಡಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ಟಿಕ್ ಹಾಕಬೇಕು. ಘೋಸ್ಟ್ ವೆಂಡರ್, ಅಂದರೆ ಕಾಗದದ ಮೇಲಷ್ಟೇ ಇರುವ ಪೂರೈಕೆದಾರ, ಈ ಪರೀಕ್ಷೆಯಲ್ಲಿ ಆರಾಮವಾಗಿ ಪಾಸಾಗುತ್ತಾನೆ. ಬಿಲ್ ಸೃಷ್ಟಿಸಿದವನೇ ಫೈಲನ್ನೂ ಜೋಡಿಸಿರುತ್ತಾನಲ್ಲ! ನಿಜವಾದ ವರ್ಕ್‌ಶಾಪಿನ ಬಿಲ್‌ಗಾದರೆ ಎಣ್ಣೆಯ ಕಲೆ ಅಂಟಿರುತ್ತದೆ, ಮೊತ್ತ ತಿದ್ದಿರುತ್ತಾರೆ, ಡೆಲಿವರಿ ಚಲನ್ ಎಲ್ಲೋ ಕಳೆದುಹೋಗಿರುತ್ತದೆ.

ಈ ಪ್ರಕರಣ ಪೀಣ್ಯದ ಒಂದು ಖಾಸಗಿ ಕಂಪನಿಯದು, 2024-25ರ ಲೆಕ್ಕ. ಅಲ್ಲಿ 50,000 ರೂಪಾಯಿಗಿಂತ ಕಡಿಮೆಯ ಬಿಲ್‌ಗಳಿಗೆ ಅಕೌಂಟ್ಸ್ ಮ್ಯಾನೇಜರ್ ಒಬ್ಬರ ಸಹಿ ಸಾಕಿತ್ತು, ಅದಕ್ಕಿಂತ ಹೆಚ್ಚಿನದಕ್ಕೆ ಡೈರೆಕ್ಟರ್ ಸಹಿ ಬೇಕು. ಟೆಸ್ಟ್ ಮಾಡುತ್ತಿದ್ದ ಹುಡುಗಿ ಆರ್ಟಿಕಲ್‌ಶಿಪ್‌ನ ಮೊದಲ ವರ್ಷದವಳು. ಅವಳ 25 ಸ್ಯಾಂಪಲ್‌ಗಳಲ್ಲಿ ಒಂದೇ ವೆಂಡರ್‌ನ ಎರಡು ಬಿಲ್ ಬಂದಿದ್ದವು. ಏಪ್ರಿಲ್‌ನದು 48,200 ರೂಪಾಯಿ, ಸೆಪ್ಟೆಂಬರ್‌ನದು 47,800. ಎರಡರಲ್ಲೂ ಯಂತ್ರಗಳ ಸರ್ವಿಸ್ ಮತ್ತು ಕ್ಲೀನಿಂಗ್ ಎಂದಿತ್ತು. ಮೊತ್ತ 50,000ದ ಹೊಸಿಲಿನಲ್ಲೇ ನಿಂತಿದ್ದನ್ನು ಅವಳು ಗಮನಿಸಿದಳು, ಆದರೆ ಅವಳನ್ನು ನಿಲ್ಲಿಸಿದ್ದು ಬಿಲ್ ನಂಬರ್. ಏಪ್ರಿಲ್‌ನದು 27, ಸೆಪ್ಟೆಂಬರ್‌ನದು 32. ಲೆಡ್ಜರ್ ತೆಗೆದರೆ ಮೇ ತಿಂಗಳಲ್ಲಿ 28, ಜೂನ್‌ನಲ್ಲಿ 29, ಹಾಗೇ ಸಾಲಾಗಿ. ವರ್ಷಕ್ಕೆ 12 ಬಿಲ್, ಒಟ್ಟು ಸುಮಾರು 5.8 ಲಕ್ಷ.

"ಸರ್, ಈ ವೆಂಡರ್‌ಗೆ ನಮ್ಮ ಕ್ಲೈಂಟ್ ಬಿಟ್ರೆ ಬೇರೆ ಗಿರಾಕೀನೇ ಇಲ್ವಾ?" ಎಂದು ಸೀನಿಯರ್‌ನ ಕೇಳಿದಳು.

"ಒಂದೇ ಫ್ಯಾಕ್ಟರಿ ನಂಬಿಕೊಂಡಿರೋ ವರ್ಕ್‌ಶಾಪ್ ಪೀಣ್ಯದಲ್ಲಿ ಬೇಕಾದಷ್ಟಿದಾವಮ್ಮ. ಮುಂದಕ್ಕೆ ಹೋಗು."

ಆ ಮಾತಿನಲ್ಲಿ ತಪ್ಪೇನಿಲ್ಲ. ಸಾಲು ನಂಬರ್ ಒಂದರಿಂದಲೇ ವೆಂಡರ್ ನಕಲಿ ಎನ್ನಲಾಗದು. ಇಲ್ಲಿ ಎಡವಟ್ಟಾಗಿದ್ದು ಲೆಡ್ಜರ್ ತಲೆಬರಹದಲ್ಲಿ. ಬಿಲ್ ಹೇಳುವುದು ಸರ್ವಿಸ್ ಎಂದು, ಖರ್ಚು ಹಾಕಿದ್ದು 'ಕನ್ಸ್ಯೂಮಬಲ್ಸ್' ಅಡಿಯಲ್ಲಿ, ಅಂದರೆ ಸಾಮಗ್ರಿ ಖರೀದಿ. ಇದು ಕೈತಪ್ಪಿ ಆದದ್ದಲ್ಲ. ಸರ್ವಿಸ್ ಎಂದು ಹಾಕಿದ್ದರೆ ವರ್ಷದ ಮೊತ್ತ 1 ಲಕ್ಷ ದಾಟಿದ್ದಕ್ಕಷ್ಟೇ ಅಲ್ಲ, ಒಂದೊಂದು ಬಿಲ್ 30,000 ದಾಟಿದ್ದಕ್ಕೂ ಆಗಿನ ಆದಾಯ ತೆರಿಗೆ ಕಾಯ್ದೆಯ 194ಸಿ ಪ್ರಕಾರ ಟಿಡಿಎಸ್ ಕಡಿತ ಮಾಡಬೇಕಿತ್ತು. ಟಿಡಿಎಸ್ ಎಂದರೆ ಪ್ಯಾನ್ ಬೇಕು, ಪ್ಯಾನ್ ಎಂದರೆ ಒಬ್ಬ ನಿಜವಾದ ಮನುಷ್ಯನ ಹೆಸರು ಹೊರಬರುತ್ತದೆ. ಸಾಮಗ್ರಿ ಖರೀದಿಯಾದರೆ ಒಬ್ಬ ಮಾರಾಟಗಾರನಿಂದ ವರ್ಷಕ್ಕೆ 50 ಲಕ್ಷ ದಾಟುವವರೆಗೆ ಟಿಡಿಎಸ್ ಪ್ರಶ್ನೆ ಏಳುವುದಿಲ್ಲ. ಜಿಎಸ್‌ಟಿ ಕಡೆಯಿಂದಲೂ ಸಿಕ್ಕಿಬೀಳುವ ಭಯವಿರಲಿಲ್ಲ. ವಹಿವಾಟು ಸಣ್ಣದು, ನೋಂದಣಿ ಇಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ, ನೋಂದಣಿಯೇ ಇಲ್ಲದವನು ಪೂರೈಕೆದಾರರ ರಿಟರ್ನ್‌ಗಳಿಂದ ತಯಾರಾಗುವ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುವುದೂ ಇಲ್ಲ. ಆದರೆ ಸಾಮಗ್ರಿ ಬಂದಿದ್ದರೆ ಸ್ಟೋರ್ಸ್‌ನಲ್ಲಿ ಜಿಆರ್‌ಎನ್, ಅಂದರೆ ಸಾಮಗ್ರಿ ಬಂದ ರಸೀದಿ, ಆಗಿರಬೇಕು, ಸರ್ವಿಸ್ ಆಗಿದ್ದರೆ ಟಿಡಿಎಸ್ ಇರಬೇಕು. ಇಲ್ಲಿ ಎರಡೂ ಇರಲಿಲ್ಲ.

ಕೆಲಸ ಕೆಟ್ಟಿದ್ದು ಇದಾದ ಮೇಲೆ. ಸೀನಿಯರ್ ಇದನ್ನು ಮಾಮೂಲಿ ಕ್ವೆರಿ ಲಿಸ್ಟ್‌ಗೆ ಸೇರಿಸಿ, "ಜಿಆರ್‌ಎನ್ ಕೊಡಿ" ಎಂದು ಅಕೌಂಟ್ಸ್ ಮ್ಯಾನೇಜರ್‌ಗೇ ಮೇಲ್ ಹಾಕಿದರು. ಮರುದಿನ ಬೆಳಗ್ಗೆ ಏಪ್ರಿಲ್ ಮತ್ತು ಸೆಪ್ಟೆಂಬರ್‌ನ ಎರಡೂ ಜಿಆರ್‌ಎನ್ ಮೇಜಿನ ಮೇಲಿದ್ದವು. ಹಳೆಯ ಬಿಲ್‌ಗಳ ಫೈಲ್ ಮಾತ್ರ "ಹುಡುಕ್ತಾ ಇದೀವಿ". ಸಂಶಯ ಯಾರ ಮೇಲೆ ಹೋಗಬಹುದೋ ಅವರನ್ನೇ ದಾಖಲೆ ಕೇಳಿದರೆ ದಾಖಲೆ ಹುಟ್ಟಿಕೊಳ್ಳುತ್ತದೆ, ಇಲ್ಲವೇ ಮಾಯವಾಗುತ್ತದೆ. ಬಿಲ್ ಮೇಲಿನ ಮೊಬೈಲ್ ನಂಬರ್‌ಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದೂ ಅಷ್ಟೇ ವ್ಯರ್ಥ. ಆ ನಂಬರ್ ಅಚ್ಚು ಹಾಕಿಸಿದವರು ಯಾರು ಎಂದು ಯೋಚಿಸಿ.

ಉಳಿಸಿದ್ದು ಎರಡು. ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಪ್ರಿಲ್ ತಾರೀಖಿನ ಆ ಜಿಆರ್‌ಎನ್ ಸೃಷ್ಟಿಯಾಗಿದ್ದು ಹಿಂದಿನ ಸಂಜೆ 7.40ಕ್ಕೆ ಎಂದು ಲಾಗ್ ಹೇಳಿತು. ಇನ್ನೊಂದು, ಗೇಟಿನ ಸೆಕ್ಯುರಿಟಿಯವರು ಕೈಯಲ್ಲಿ ಬರೆಯುವ ಇನ್‌ವರ್ಡ್ ರಿಜಿಸ್ಟರ್. ಅದು ಅಕೌಂಟ್ಸ್‌ನವರ ಹಿಡಿತದಲ್ಲಿರಲಿಲ್ಲ. ಜಿಆರ್‌ಎನ್‌ನಲ್ಲಿದ್ದ ಆ ಏಪ್ರಿಲ್ ದಿನ ಕುಡಿಯುವ ನೀರಿನ ಕ್ಯಾನ್, ಒಂದು ಟೆಂಪೋ ಸ್ಟೀಲ್ ಬಾರ್, ಕೊರಿಯರ್, ಇಷ್ಟೇ ಒಳಗೆ ಬಂದಿದ್ದು.

ಇನ್ನು ಹಣ ಹೋದದ್ದೆಲ್ಲಿಗೆ? ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಹಾಗಾಗಿ ವೋಚರ್ ಮೇಲಿನ ಹೆಸರನ್ನು ಬಿಟ್ಟು, ವೆಂಡರ್ ಮಾಸ್ಟರ್‌ನ ಖಾತೆ ಸಂಖ್ಯೆಯನ್ನು ಸಂಬಳದ ಪಟ್ಟಿಯ ಜೊತೆ ಹೋಲಿಸಬೇಕು. ಹುಡುಗಿ ಎಕ್ಸೆಲ್‌ನಲ್ಲಿ ಎಲ್ಲರೂ ಬರೆಯುವ ಸೂತ್ರವನ್ನೇ ಬರೆದಳು:

```
=COUNTIF(Payroll!$D$2:$D$400,B2)
```

ಉತ್ತರ 4 ಬಂತು. ಪ್ರೆಸ್ ಶಾಪಿನ ನಾಲ್ವರು ಆಪರೇಟರ್‌ಗಳು! ಅವರಲ್ಲಿ ಯಾರದೂ ತಪ್ಪಿರಲಿಲ್ಲ. ಕೆಲವು ಬ್ಯಾಂಕ್‌ಗಳ ಖಾತೆ ಸಂಖ್ಯೆ 16 ಅಂಕಿಯದು, COUNTIF ಅದನ್ನು ಸಂಖ್ಯೆಯಾಗಿ ಓದಿ ಮೊದಲ 15 ಅಂಕಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಾಲಂ ಟೆಕ್ಸ್ಟ್ ಆಗಿದ್ದರೂ ಅಷ್ಟೇ. ಒಂದೇ ಶಾಖೆಯಲ್ಲಿ ಒಂದೇ ದಿನ ತೆರೆದ ಸಂಬಳದ ಖಾತೆಗಳ ನಡುವೆ ಕೊನೆಯ ಅಂಕಿಯಷ್ಟೇ ವ್ಯತ್ಯಾಸವಿರಬಹುದು. ಇದನ್ನು ನಂಬಿ ಯಾರನ್ನಾದರೂ ಕರೆಸಿ ಕೇಳಿದ್ದರೆ ಎಂಥ ಅನಾಹುತ! ಸರಿಯಾದ ಸೂತ್ರ ಇದು:

```
=SUMPRODUCT(--(Payroll!$D$2:$D$400=B2))
```

ಎರಡೂ ಕಾಲಂ ಟೆಕ್ಸ್ಟ್ ಆಗಿರಬೇಕು. ಸಿಎಸ್‌ವಿ ಫೈಲನ್ನು ಹಾಗೇ ಡಬಲ್ ಕ್ಲಿಕ್ ಮಾಡಿ ತೆರೆದರೆ 16ನೇ ಅಂಕಿ ಸೊನ್ನೆಯಾಗುತ್ತದೆ, ಸಂಖ್ಯೆಯ ಆರಂಭದ ಸೊನ್ನೆಗಳು ಉದುರಿಹೋಗುತ್ತವೆ, ಆಮೇಲೆ ಯಾವ ಸೂತ್ರವೂ ಉಪಯೋಗಕ್ಕಿಲ್ಲ. ಇಂಪೋರ್ಟ್ ಮಾಡುವಾಗಲೇ ಆ ಕಾಲಂ ಟೆಕ್ಸ್ಟ್ ಎಂದು ಆರಿಸಿ.

ಹೊಸ ಸೂತ್ರಕ್ಕೆ ಬಂದ ಉತ್ತರ 0. ಬಹಳ ಜನ ಇಲ್ಲಿಗೆ ಕೈಬಿಡುತ್ತಾರೆ. ಆದರೆ ನಾಲ್ವರು ಆಪರೇಟರ್‌ಗಳ ಖಾತೆಗೆ ಅಷ್ಟು ಹತ್ತಿರದ ಸಂಖ್ಯೆ ಎಂದರೆ ಅದೇ ಕಂತಿನಲ್ಲಿ ತೆರೆದ ಖಾತೆ ಎಂದಾಯಿತು. ಈಗಿನ ಪಟ್ಟಿಯಲ್ಲಿಲ್ಲ ಎಂದರೆ ಕೆಲಸ ಬಿಟ್ಟವರದಿರಬೇಕು. ಹಿಂದಿನ ಮೂರು ವರ್ಷದ ಸಂಬಳದ ಪಟ್ಟಿ ಸೇರಿಸಿ ನೋಡಿದಾಗ 16 ಅಂಕಿಯೂ ಹೊಂದಿದ್ದು ಒಂದೇ ಖಾತೆ. ಅದು ಕೆಲಸ ಬಿಟ್ಟುಹೋದ ಸ್ಟೋರ್ಸ್ ಹೆಲ್ಪರ್ ಒಬ್ಬನದು. ಅವನು ಬಿಟ್ಟ ಮುಂದಿನ ತಿಂಗಳೇ ವೆಂಡರ್‌ನ ಮೊದಲ ಬಿಲ್.

ಖಾತೆ ಹೊಂದಿದ ಮಾತ್ರಕ್ಕೆ ಅವನೇ ಹಣ ತಿಂದ ಎಂದಾಗುವುದಿಲ್ಲ. ಖಾತೆಯನ್ನು ಯಾರು ನಡೆಸುತ್ತಿದ್ದಾರೆ ಎಂಬುದು ಬ್ಯಾಂಕಿನಿಂದಷ್ಟೇ ತಿಳಿಯಬಹುದು, ಅದು ಆರ್ಟಿಕಲ್ ಮಾಡುವ ಕೆಲಸವಲ್ಲ. ವರ್ಕಿಂಗ್ ಪೇಪರ್‌ನಲ್ಲಿ 'ವಂಚನೆ' ಎಂದು ಬರೆಯಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆದು, ಬಿಲ್ ಮತ್ತು ರಿಜಿಸ್ಟರ್ ಪುಟಗಳ ಸ್ಕ್ಯಾನ್, ಎಡಿಟ್ ಲಾಗ್‌ನ ಪ್ರತಿ ತೆಗೆದಿಟ್ಟು, ನೇರ ಪಾರ್ಟ್‌ನರ್‌ಗೆ ಹೇಳಿ. ಸಿಬ್ಬಂದಿಯ ವಂಚನೆ ಎಂದು ನಂಬಲು ಕಾರಣವಿದ್ದರೆ, ಮೊತ್ತ 1 ಕೋಟಿಗಿಂತ ಕಡಿಮೆ ಇರುವಾಗ, ಕಂಪನಿ ಕಾಯ್ದೆಯ 143(12)ರ ಅಡಿ ಆಡಿಟರ್ ಎರಡು ದಿನದೊಳಗೆ ಬೋರ್ಡ್ ಅಥವಾ ಆಡಿಟ್ ಕಮಿಟಿಗೆ ತಿಳಿಸಬೇಕು. ಪಾರ್ಟ್‌ನರ್‌ಗೆ ತಡವಾಗಿ ಹೇಳಿದಷ್ಟೂ ಅವರ ಕೈಯಲ್ಲಿರುವ ಸಮಯ ಕಡಿಮೆಯಾಗುತ್ತದೆ.

ಕೊನೆಗೊಂದು ವಿಷಯ. ಕೆಲಸ ಬಿಟ್ಟವರನ್ನೂ ಸೇರಿಸಿ 36 ತಿಂಗಳ ಸಂಬಳದ ಪಟ್ಟಿ, ಖಾತೆ ಸಂಖ್ಯೆ ಸಮೇತ ವೆಂಡರ್ ಮಾಸ್ಟರ್, ಗೇಟ್ ರಿಜಿಸ್ಟರ್, ಇವನ್ನು ಸಂಶಯ ಬಂದ ಮೇಲೆ ಕೇಳಬೇಡಿ. ಆಡಿಟ್ ಶುರುವಾಗುವ ಮೊದಲೇ ಕಳಿಸುವ ದಾಖಲೆಗಳ ಪಟ್ಟಿಯಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಸ್ಟಾಕ್ ಪಟ್ಟಿಯ ನಡುವೆ, ಪ್ರತಿ ಕ್ಲೈಂಟ್‌ಗೂ ಸೇರಿಸಿಬಿಡಿ. ಗೇಟ್ ರಿಜಿಸ್ಟರ್ ಮಾತ್ರ ಅಕೌಂಟ್ಸ್ ಮೂಲಕ ತರಿಸಬೇಡಿ, ಊಟದ ಹೊತ್ತಿಗೆ ಗೇಟಿಗೇ ಹೋಗಿ ನೋಡಿ.