ಜಾಹೀರಾತಿನಲ್ಲಿ ವೇಗ ಇತ್ತು, ನನಗೆ ಬೇಕಿದ್ದದ್ದು ಕಟ್ ಆಗದ ಕಾಲ್

“ಫ್ರೀಲಾನ್ಸರ್‌ಗಳೇ, 200 ಎಂಬಿಪಿಎಸ್ ಇಂಟರ್ನೆಟ್! ಎಸಿ ಹಾಲ್! ಪವರ್ ಬ್ಯಾಕಪ್!” ಈ ಕೋ-ವರ್ಕಿಂಗ್ ಜಾಗದ ಜಾಹೀರಾತು ಇಷ್ಟೇ. ಇದನ್ನು ನಂಬಿ ತಿಂಗಳ ಪಾಸ್ ತಗೊಂಡೆ, ವರ್ಷದ ಮೇಲಾಯ್ತು. ಕುರ್ಚಿ, ಮೇಜು ಫೋಟೋದಲ್ಲಿ ಇದ್ದ ಹಾಗೇ ಇವೆ, ಅದನ್ನು ಬಿಡೋಣ.

ನನಗೆ ಸಿಟ್ಟು ಬಂದದ್ದು ಪವರ್ ಬ್ಯಾಕಪ್ ವಿಷಯದಲ್ಲಿ. ಚಿಕ್ಕ ಊರು, ಕರೆಂಟ್ ಹೋಗ್ತಾ ಇರುತ್ತೆ. ಹೋದ ಕೂಡಲೇ ಜನರೇಟರ್ ಶುರುವಾಗಿ ಲೈಟು, ಫ್ಯಾನು ಬರುತ್ತಿದ್ದವು. ಆದರೆ ರೂಟರ್‌ಗೂ ಫೈಬರ್ ಬಾಕ್ಸ್‌ಗೂ ಯುಪಿಎಸ್ ಇರಲಿಲ್ಲ. ನಡುವಿನ ಆ ಕೆಲವೇ ಸೆಕೆಂಡಿಗೆ ಎರಡೂ ಆಫ್. ಮತ್ತೆ ಆನ್ ಆಗಿ ಲೈನ್ ಹಿಡಿಯೋಕೆ ಎರಡು ಮೂರು ನಿಮಿಷ ಬೇಕು. ಕ್ಲೈಂಟ್‌ಗೆ ರೇಟ್ ಹೇಳುವಾಗ ಹೀಗಾದರೆ ಏನನ್ನಿಸುತ್ತೆ ಹೇಳಿ.

ಇನ್ನೊಂದು, ಆ 200 ಬರೀ ಡೌನ್‌ಲೋಡ್ ವೇಗ. ನಮ್ಮ ದನಿ, ಮುಖ ಆಚೆ ಹೋಗೋದು ಅಪ್‌ಲೋಡ್‌ನಲ್ಲಿ. ಅದು ಕಡಿಮೆ ಇದ್ದು, ಯಾರೋ ಒಬ್ಬರು ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿದರೆ ಎಲ್ಲರ ಕಾಲ್‌ನಲ್ಲೂ ದನಿ ತುಂಡು ತುಂಡಾಗುತ್ತೆ. ಸ್ಪೀಡ್ ಟೆಸ್ಟ್‌ನಲ್ಲಿ ಇದು ಸುಲಭಕ್ಕೆ ಗೊತ್ತಾಗಲ್ಲ. ಒಂದು ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಫೈಲ್ ಅಪ್‌ಲೋಡ್‌ಗೆ ಬಿಟ್ಟು, ಇನ್ನೊಂದರ ಕಮಾಂಡ್ ವಿಂಡೋದಲ್ಲಿ `ping 8.8.8.8` ಕೊಡಿ, ಉತ್ತರ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುತ್ತೆ. ಅಪ್‌ಲೋಡ್‌ಗೆ ಮೊದಲು 20-30 ಮಿಲಿಸೆಕೆಂಡ್ ಇದ್ದದ್ದು ಹಲವು ನೂರಕ್ಕೆ ಏರಿದರೆ ಅಲ್ಲಿ ಕಾಲ್ ಮಾಡೋದು ಕಷ್ಟ.

ಇದನ್ನೇ ಮಾಲೀಕರ ಎದುರಿಗೆ ಮಾಡಿ ತೋರಿಸಿದೆ. ಬೇಜಾರು ಮಾಡ್ಕೊಳ್ಳಲಿಲ್ಲ ಅವರು. ಎರಡೂ ಬಾಕ್ಸ್‌ಗೆ ಚಿಕ್ಕ ಯುಪಿಎಸ್ ಹಾಕಿಸಿದರು. ಲೈನ್ ತುಂಬಿ ಕಟ್ಟಿಕೊಳ್ಳದ ಹಾಗೆ, ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಇಟ್ಟರು. ಈಗ ಕರೆಂಟ್ ಹೋದರೆ ಟ್ಯೂಬ್‌ಲೈಟ್ ಒಮ್ಮೆ ಆರಿ ಹತ್ತುತ್ತೆ, ನನ್ನ ಮಾತು ಮಾತ್ರ ನಿಲ್ಲಲ್ಲ.

ಜಾಹೀರಾತಿನಲ್ಲಿ ಒಂದಕ್ಷರವೂ ಇಲ್ಲದ ಕಾಲ್ ರೂಮ್ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಬಂದ ತಕ್ಷಣ ಬಾಗಿಲ ಪಕ್ಕದ ಬಿಳಿ ಬೋರ್ಡ್‌ನಲ್ಲಿ ನನ್ನ ಹೊತ್ತಿನ ಮುಂದೆ ಹೆಸರು ಬರೀತೀನಿ. ಒಳಗೆ ಗೋಡೆಗೆ ದಪ್ಪ ಫೋಮ್, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಬಾಗಿಲು ಹಾಕಿದರೆ ಹಾಲ್‌ನ ಮಾತು ಕೇಳಲ್ಲ, ನನ್ನ ಮಾತೂ ಅಲ್ಲಿಗೆ ಹೋಗಲ್ಲ. ಮನೆಯಲ್ಲಿ ಇದು ಸಿಗುತ್ತಾ?

ಜಾಹೀರಾತು ಬದಲಿಸ್ತೀವಿ ಅಂದಾಗ ನಾನು ಕೊಟ್ಟ ಸಾಲು: “ಕರೆಂಟ್ ಹೋದರೂ ನಿಮ್ಮ ಕಾಲ್ ಕಟ್ ಆಗಲ್ಲ. ನಂಬಿಕೆ ಇಲ್ವಾ? ಬನ್ನಿ, ಮೇನ್ ಸ್ವಿಚ್ ಆಫ್ ಮಾಡಿ ತೋರಿಸ್ತೀವಿ.” ಕಾಲ್ ರೂಮ್ ಒಂದೇ ಇದೆ, ಸಂಜೆ ಹೊರದೇಶದ ಕ್ಲೈಂಟ್‌ಗಳ ಹೊತ್ತಿಗೆ ಬೇಗ ತುಂಬುತ್ತೆ ಅನ್ನೋದನ್ನೂ ಹಾಕಿ ಅಂದೆ. ಮೊದಲನೆಯದು ಹಾಕಿದರು, ಎರಡನೆಯದು ಇನ್ನೂ ಹಾಕಿಲ್ಲ. ನಿಮ್ಮ ಕಾಲ್‌ಗಳು ಸಂಜೆಯೇ ಜಾಸ್ತಿ ಇದ್ದರೆ ಮೊದಲು ದಿನದ ಪಾಸ್ ತಗೊಂಡು, ಸಂಜೆ ಹೊತ್ತು ಆ ಬೋರ್ಡ್ ನೋಡಿ.