ಕಿವಿಯ ಹಿಂದೆಯೋ ಮೊಣಕೈಯ ಮಡಿಕೆಯಲ್ಲೋ: ಹೇರ್ ಡೈ ಪರೀಕ್ಷೆಯ ಕ್ರಮಗಳ ಒಂದು ಹೋಲಿಕೆ

ಹೇರ್ ಡೈಯ ಪೊಟ್ಟಣದೊಳಗೆ ಮಡಚಿಟ್ಟಿರುವ ಸೂಚನಾಪತ್ರವನ್ನು ಓದುವವರು ನಮ್ಮ ಬದಿಯಡ್ಕದ ಕಡೆ ಕಡಿಮೆ. ಅಕ್ಷರಗಳು ಸಾಸಿವೆಯಷ್ಟು ಸಣ್ಣವು, ಕನ್ನಡವಿದ್ದರೂ ಅದು ಮಲಯಾಳಕ್ಕೂ ಹಿಂದಿಗೂ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಆದರೆ ಬಣ್ಣವನ್ನು ಹಚ್ಚುವ ಮೊದಲು ಮೈಮೇಲೆ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸುವುದು ಭಾರತದ ಕಾನೂನಿನ ಪ್ರಕಾರ ಕಡ್ಡಾಯ. ಕಿವಿಯ ಹಿಂಭಾಗವನ್ನು ಅಥವಾ ಮುಂಗೈಯ ಒಳಭಾಗವನ್ನು ಸೋಪು ನೀರಿನಿಂದ ತೊಳೆದು, ಹಚ್ಚಲು ಕಲಸಿದ ಬಣ್ಣವನ್ನೇ ಸ್ವಲ್ಪ ಸವರಿ, ಒಣಗಲು ಬಿಟ್ಟು, 24 ಗಂಟೆಗಳ ಬಳಿಕ ತೊಳೆದು ನೋಡಬೇಕು, ಕೆಂಪು ಅಥವಾ ಉರಿ ಕಾಣದಿದ್ದರೆ ಬಳಸಬಹುದು ಎಂಬುದು ಆ ಸೂಚನೆಯ ಸಾರ. ನಾನು ಹೋಲಿಸಹೊರಟದ್ದು ಕಿವಿಯ ಹಿಂಭಾಗ ಮತ್ತು ಕೈ ಎಂಬ ಎರಡು ಜಾಗಗಳನ್ನು. ಕೊನೆಗೆ ಜಾಗಕ್ಕಿಂತ ಆ 24 ಗಂಟೆಯ ಲೆಕ್ಕವೇ ದೊಡ್ಡ ಪ್ರಶ್ನೆಯಾಯಿತು.

ಮನೆಯಲ್ಲಿ ಉಪನಯನವಿತ್ತು. ಅದಕ್ಕೆ ಹತ್ತು ದಿನಗಳಿರುವಾಗ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಹಿಂದೆಂದೂ ಬಳಸದ ಒಂದು ಕಪ್ಪು ಕ್ರೀಮ್ ಡೈಯ ಎರಡು ಟ್ಯೂಬುಗಳಿಂದ ಕಡಲೆಕಾಳಿನಷ್ಟು ತೆಗೆದು ಪಿಂಗಾಣಿ ಬಟ್ಟಲಿನಲ್ಲಿ ಕಲಸಿದೆ. ಲೋಹದ ಪಾತ್ರೆ ಇದಕ್ಕೆ ಸಲ್ಲದು. ಇಯರ್ ಬಡ್ಡಿನ ತುದಿಯಿಂದ ಎಡಕಿವಿಯ ಹಿಂದೆ ಒಮ್ಮೆ, ಬಲ ಮೊಣಕೈಯ ಮಡಿಕೆಯಿಂದ ಎರಡು ಬೆರಳು ಕೆಳಗೆ ಒಮ್ಮೆ, ನಾಲ್ಕಾಣೆ ನಾಣ್ಯದಷ್ಟು ಅಗಲಕ್ಕೆ ಹಚ್ಚಿದೆ. ಕೈಯಲ್ಲಿ ಹಚ್ಚಿದ ಜಾಗದ ಹೊರಗೆ, ಬಣ್ಣಕ್ಕೆ ತಾಗದಂತೆ, ಬಾಲ್‌ಪೆನ್ನಿನಿಂದ ನಾಲ್ಕು ಚುಕ್ಕಿಗಳನ್ನಿಟ್ಟೆ. ಈ ಚುಕ್ಕಿಗಳು ಎಷ್ಟು ಉಪಕಾರಿಯಾಗಲಿವೆ ಎಂಬುದು ಆಗ ಗೊತ್ತಿರಲಿಲ್ಲ.

ಕಿವಿಯ ಹಿಂಭಾಗದ ಗುಣವೆಂದರೆ ಅಲ್ಲಿನ ಚರ್ಮ ತೆಳ್ಳಗಿದ್ದು ಕೂದಲಿನ ಅಂಚಿಗೆ ಹತ್ತಿರವಿರುವುದು, ಕಲೆಯಾದರೂ ಯಾರಿಗೂ ಕಾಣದಿರುವುದು. ದೋಷಗಳು ನನ್ನ ಅನುಭವದಲ್ಲಿ ಹೆಚ್ಚು. ಕನ್ನಡಕದ ಕಾಲು ಅಲ್ಲಿಯೇ ಉಜ್ಜುತ್ತದೆ, ತಲೆಗೆ ಹಾಕಿದ ತೆಂಗಿನೆಣ್ಣೆ ಇಳಿದು ಬರುತ್ತದೆ, ನಮ್ಮೂರಿನ ಸೆಕೆಗೆ ಬೆವರು ಹರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಂತ ಕಣ್ಣಿನಿಂದ ನೋಡುವಂತಿಲ್ಲ. ಮಗಳನ್ನು ಕರೆದು ತೋರಿಸಿದರೆ ಅವಳು "ಅಮ್ಮ, ಏನೂ ಇಲ್ಲ" ಎಂದು ಓಡುತ್ತಾಳೆ. ಮೊಣಕೈಯ ಒಳಭಾಗವನ್ನಾದರೆ ಕಿಟಕಿಯ ಬಳಿ ನಿಂತು ದಿನಕ್ಕೆ ಎರಡು ಸಲ ನೋಡಿ, ಮುಟ್ಟಿ, ಒಂದೇ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಡಬಹುದು.

ಸೋಮವಾರ ಬೆಳಿಗ್ಗೆ, ಅಂದರೆ 24 ಗಂಟೆಗಳ ಬಳಿಕ ತೊಳೆದಾಗ ಎರಡೂ ಕಡೆ ಕಂದು ಕಲೆಯ ಹೊರತು ಬೇರೇನೂ ಇರಲಿಲ್ಲ. ಪತ್ರದ ಪ್ರಕಾರ ನಾನು ಅಂದೇ ತಲೆಗೆ ಹಚ್ಚಬಹುದಿತ್ತು. ನೆಂಟರು ಬಂದುದರಿಂದ ಆಗಲಿಲ್ಲ, ಅಷ್ಟೇ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಮಂಗಳವಾರ ಬೆಳಿಗ್ಗೆ ಕೈಯಲ್ಲಿ ಆಗೊಮ್ಮೆ ಈಗೊಮ್ಮೆ ಸಣ್ಣ ತುರಿಕೆ ಅನ್ನಿಸಿತು. ಆ ಸಂಜೆ ತರಕಾರಿ ಹೆಚ್ಚುವಾಗ ಕೈ ತಾನಾಗಿ ಅಲ್ಲಿಗೆ ಹೋಗಿ ತುರಿಸುತ್ತಿತ್ತು. ಬುಧವಾರ ಬೆಳಿಗ್ಗೆ ಆ ಜಾಗ ದಪ್ಪಗಾಗಿ, ಗಸಗಸೆಯಷ್ಟು ಸಣ್ಣ ಬೊಕ್ಕೆಗಳು ಎದ್ದು, ನಾಲ್ಕು ಚುಕ್ಕಿಗಳ ಪೈಕಿ ಮೂರನ್ನು ದಾಟಿ ಹೊರಗೆ ಹರಡಿತ್ತು. ಕಿವಿಯ ಹಿಂದೆ ತುರಿಕೆ ಆರಂಭವಾದದ್ದು ಬುಧವಾರ ಮಧ್ಯಾಹ್ನ. ಎರಡೂ ಜಾಗಗಳು ಒಂದೇ ಉತ್ತರವನ್ನು ಕೊಟ್ಟವು, ಆದರೆ 24ನೆಯ ಗಂಟೆಗೆ ಎರಡೂ ಮೌನವಾಗಿದ್ದವು.

ಇದಕ್ಕೆ ಕಾರಣವಿದೆ. ಕಪ್ಪು ಹೇರ್ ಡೈಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾಫಿನೈಲಿನ್‌ಡೈಅಮೈನ್, ಅಂದರೆ ಪಿಪಿಡಿ ಎಂಬ ವಸ್ತುವಿಗೆ ಬರುವ ಅಲರ್ಜಿ ಸೊಳ್ಳೆ ಕಚ್ಚಿದಂತೆ ತಕ್ಷಣ ಏಳುವುದಿಲ್ಲ. ದೇಹದ ರಕ್ಷಣಾಕೋಶಗಳು ಅದನ್ನು ಗುರುತಿಸಿ ಆ ಜಾಗಕ್ಕೆ ಬಂದು ಸೇರಲು ಒಂದೆರಡು ದಿನಗಳು ಬೇಕಾಗುತ್ತವೆ. ಪ್ರತಿಕ್ರಿಯೆ ಬಹುಮಟ್ಟಿಗೆ 48ರಿಂದ 72 ಗಂಟೆಗಳ ನಡುವೆ ತುಟ್ಟತುದಿಗೆ ಏರುತ್ತದೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ. ಆದ್ದರಿಂದ 24 ಗಂಟೆಗೆ ಬಣ್ಣವನ್ನು ತೊಳೆಯುವುದು ಸರಿಯೇ, ತೀರ್ಮಾನವನ್ನು ಮಾತ್ರ ನಾಲ್ಕನೆಯ ದಿನದವರೆಗೆ ತಡೆಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಪಾರ್ಲರುಗಳಲ್ಲಿ ಅರ್ಧ ಗಂಟೆ ಹಚ್ಚಿ ನೋಡುವ ಪರೀಕ್ಷೆಯಿಂದ ಉರಿ ತಿಳಿದೀತು, ಅಲರ್ಜಿ ತಿಳಿಯದು.

ಉರಿಗೂ ಅಲರ್ಜಿಗೂ ಇರುವ ವ್ಯತ್ಯಾಸವನ್ನು ಓದುವುದೇ ಈ ಪರೀಕ್ಷೆಯ ಕಷ್ಟದ ಭಾಗ. ವಸ್ತು ತೀಕ್ಷ್ಣವಾಗಿದ್ದರೆ ಹಚ್ಚಿದ ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ಚುರುಗುಟ್ಟುತ್ತದೆ. ಕೆಂಪು ಹಚ್ಚಿದ ಅಂಚಿನೊಳಗೇ ನಿಲ್ಲುತ್ತದೆ. ತೊಳೆದ ಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಅಲರ್ಜಿಯಾದರೆ ಉರಿಗಿಂತ ತುರಿಕೆ ಹೆಚ್ಚು, ತೊಳೆದ ಮೇಲೆಯೂ ಏರುತ್ತ ಹೋಗುತ್ತದೆ, ಅಂಚನ್ನು ದಾಟುತ್ತದೆ. ಪೆನ್ನಿನ ಚುಕ್ಕಿಗಳು ಕೆಲಸಕ್ಕೆ ಬಂದದ್ದು ಇಲ್ಲಿ. ಇನ್ನೊಂದು ಮಾತನ್ನು ಸೂಚನಾಪತ್ರಗಳು ಹೇಳುವುದಿಲ್ಲ. ನಮ್ಮಂಥ ಕಂದು ಮೈಬಣ್ಣದ ಮೇಲೆ, ಅದೂ ಡೈಯ ಕಲೆ ಹಿಡಿದಿರುವಾಗ, ಕೆಂಪು ಕಾಣಿಸುವುದೇ ಇಲ್ಲ. ಕಣ್ಣು ಮುಚ್ಚಿ ಬೆರಳ ತುದಿಯಿಂದ ಆ ಜಾಗದ ಮೇಲೆ ಅಡ್ಡವಾಗಿ ಸವರಿದರೆ ಅಕ್ಕಪಕ್ಕದ ಚರ್ಮಕ್ಕಿಂತ ಅದು ಉಬ್ಬಿದೆಯೇ, ಒರಟಾಗಿದೆಯೇ, ಬಿಸಿಯಾಗಿದೆಯೇ ಎಂಬುದು ತಿಳಿಯುತ್ತದೆ. ಮಂಗಳವಾರ ಸಂಜೆ ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ, ಆದರೆ ಬೆರಳಿಗೆ ತಿಳಿದಿತ್ತು.

ಮೂರನೆಯ ಕ್ರಮವೆಂದರೆ ಹಚ್ಚಿದ ಜಾಗವನ್ನು ಅಂಟುಪಟ್ಟಿಯಿಂದ ಮುಚ್ಚುವುದು. ಕೆಲವರು ಡೈಯನ್ನೂ ಹೀಗೆ ಮುಚ್ಚಿಟ್ಟು ನೋಡುತ್ತಾರೆ. ಇದು ಬೇಡ. ಮುಚ್ಚಿದ ಚರ್ಮ ಬೆವೆತು ವಸ್ತುವನ್ನು ಹೆಚ್ಚು ಹೀರುತ್ತದೆ, ಅಲರ್ಜಿ ಇರುವವರಿಗೆ ನೀರ್ಗುಳ್ಳೆಯೆದ್ದು ಗಾಯವೇ ಆಗಬಹುದು. ನಾನು ಇದನ್ನು ಒಂದು ಮುಖದ ಕ್ರೀಮಿನಲ್ಲಿ ಮಾತ್ರ ಪ್ರಯತ್ನಿಸಿದೆ. ಒಂದು ಕೈಗೆ ಕ್ರೀಮ್ ಹಚ್ಚಿ ಪಟ್ಟಿ, ಇನ್ನೊಂದು ಕೈಗೆ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಪಟ್ಟಿ. ಎರಡು ದಿನಗಳ ಬಳಿಕ ತೆಗೆದಾಗ ಎರಡೂ ಕೈಗಳಲ್ಲಿ ಪಟ್ಟಿಯ ಅಂಟು ತಾಗಿದ ಚೌಕದಲ್ಲಿ ತುರಿಕೆಯಿತ್ತು, ನಡುವೆ ಹತ್ತಿಯಿದ್ದ ಜಾಗ ಎರಡರಲ್ಲೂ ಸ್ವಚ್ಛವಾಗಿತ್ತು. ತಪ್ಪು ಅಂಟಿನದು, ಕ್ರೀಮಿನದಲ್ಲ. ಜೆಲ್ಲಿಯ ಕೈ ಇಲ್ಲದಿದ್ದರೆ ಒಳ್ಳೆಯ ಕ್ರೀಮನ್ನು ಸುಮ್ಮನೆ ಎಸೆಯುತ್ತಿದ್ದೆ.

ಮುಖಕ್ಕೆ ಹಚ್ಚಿ ಹಾಗೆಯೇ ಬಿಡುವ ಕ್ರೀಮಿಗೆ ಇದಕ್ಕಿಂತ ಯೋಗ್ಯವಾದ ವಿಧಾನವಿದೆ. ಮೊಣಕೈ ಮಡಿಕೆಯ ಬಳಿ ಒಂದೇ ಜಾಗಕ್ಕೆ, ಮುಚ್ಚದೆ, ಬೆಳಿಗ್ಗೆಯೂ ಸಂಜೆಯೂ, ಏಳರಿಂದ ಹತ್ತು ದಿನ ಹಚ್ಚುವುದು. ಕ್ರೀಮಿನಲ್ಲಿ ಸುವಾಸನೆಯೂ ಸಂರಕ್ಷಕಗಳೂ ಅತಿ ಸ್ವಲ್ಪ ಇರುವುದರಿಂದ ಒಂದು ಸಲ ಹಚ್ಚಿದರೆ ಚರ್ಮ ಉತ್ತರ ಕೊಡದೆ ಇರಬಹುದು, ಮತ್ತೆ ಮತ್ತೆ ಹಚ್ಚಿದಾಗ ಕೊಡುತ್ತದೆ. ಮುಖ ತೊಳೆಯುವ ಫೇಸ್‌ವಾಶಿನಂಥವನ್ನು ಮಾತ್ರ ಹಾಗೆಯೇ ಬಿಡಬಾರದು. ಬಳಕೆಯಲ್ಲಿ ಎಷ್ಟು ಹೊತ್ತು ಮೈಮೇಲಿರುತ್ತದೋ ಅಷ್ಟೇ ಹೊತ್ತು ಇಟ್ಟು ತೊಳೆಯಬೇಕು. ಇದೇ ಜಾಗಕ್ಕೆ ಆ ವಾರದಲ್ಲಿ ತುರಿಕೆಯ ಮುಲಾಮು ಹಚ್ಚಿದ್ದರೆ ಪರೀಕ್ಷೆ ನಿಷ್ಫಲ, ಏಕೆಂದರೆ ಮದ್ದಿನಂಗಡಿಯಲ್ಲಿ ಸಿಗುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇದ್ದು ಅದು ಪ್ರತಿಕ್ರಿಯೆಯನ್ನೇ ಅಡಗಿಸುತ್ತದೆ.

ನಾಲ್ಕನೆಯದು ಚರ್ಮವೈದ್ಯರ ಪರೀಕ್ಷೆ. ನನ್ನ ಕೈ ನೋಡಿದ ಮಂಗಳೂರಿನ ವೈದ್ಯರು ಮೊದಲು ಕೇಳಿದ್ದು ಡೈಯ ವಿಚಾರವನ್ನಲ್ಲ. "ಎಂದಾದರೂ ಮದುವೆಮನೆಯಲ್ಲಿ ಕಪ್ಪು ಮದರಂಗಿ ಹಾಕಿಸಿಕೊಂಡಿದ್ದಿರಾ?" ಎಂದರು. ಹೌದು, ತಂಗಿಯ ಮದುವೆಯಲ್ಲಿ ಹಾಕಿಸಿಕೊಂಡಿದ್ದೆ, ವಾರ ಕಳೆದ ಮೇಲೆ ಕೈ ತುರಿಸಿತ್ತು, ಬಿಸಿಲಿಗೆಂದು ಬಿಟ್ಟಿದ್ದೆ. ಮದರಂಗಿ ಸೊಪ್ಪು ಕಿತ್ತಳೆ, ಕೆಂಪು ಅಥವಾ ಕಂದು ಬಣ್ಣವನ್ನಷ್ಟೇ ಕೊಡಬಲ್ಲದು. ಕೋನಿನಿಂದ ಬಂದ ಗೀರು ಅರ್ಧ ಗಂಟೆಯಲ್ಲಿ ಕಪ್ಪಾದರೆ ಅದರಲ್ಲಿ ಪಿಪಿಡಿ ಬೆರೆತಿರುವ ಸಂಭವ ಹೆಚ್ಚು, ಮೈ ಅದನ್ನು ಗುರುತಿಸಲು ಕಲಿಯುವುದೂ ಅಲ್ಲಿಯೇ. ಒಮ್ಮೆ ಕಲಿತರೆ ಮರೆಯುವುದು ಅಪರೂಪ.

ಆಸ್ಪತ್ರೆಯಲ್ಲಿ ಬೆನ್ನಿನ ಮೇಲೆ ಸಣ್ಣ ಬಿಲ್ಲೆಗಳಲ್ಲಿ ತೂಕ ನಿಗದಿಯಾದ ವಸ್ತುಗಳನ್ನಿಟ್ಟು ಅಂಟಿಸುತ್ತಾರೆ; ಪಿಪಿಡಿಯಾದರೆ ಶೇಕಡಾ 1ರ ಪ್ರಮಾಣದಲ್ಲಿ. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಸೆಕೆಗಾಲದಲ್ಲಿ ಇದು ಒಂದು ವ್ರತವೇ ಸರಿ, ಬೆವರಿಗೆ ಪಟ್ಟಿ ಕಳಚಿದರೆ ಮತ್ತೆ ಮೊದಲಿನಿಂದ. 48 ಗಂಟೆಗೆ ಬಿಚ್ಚಿ ಒಮ್ಮೆ, ಮತ್ತೆ 96 ಗಂಟೆಗೆ ಒಮ್ಮೆ ಓದಿದರು. ಅಸ್ಪಷ್ಟ ಕೆಂಪಿಗೆ ಪ್ರಶ್ನಾರ್ಥಕ, ಉಬ್ಬಿದ ಕೆಂಪಿಗೆ ಒಂದು ಪ್ಲಸ್, ಸಣ್ಣ ಬೊಕ್ಕೆಗಳಿಗೆ ಎರಡು, ನೀರ್ಗುಳ್ಳೆಗೆ ಮೂರು. ನನ್ನದು ಎರಡು. ಮನೆಯ ಪರೀಕ್ಷೆ "ಈ ಡೈ ಬೇಡ" ಎಂದಷ್ಟೇ ಹೇಳಬಲ್ಲದು. ಯಾವ ವಸ್ತು ಬೇಡ ಎಂಬುದು ಇಲ್ಲಿ ಮಾತ್ರ ಗೊತ್ತಾಗುತ್ತದೆ. ಖರ್ಚು ಮತ್ತು ನಾಲ್ಕು ದಿನಗಳ ಓಡಾಟ ಇದರ ದೋಷ, ಆದ್ದರಿಂದ ಎಲ್ಲರೂ ಮೊದಲೇ ಇಲ್ಲಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಹಿಂದೆ ಡೈಯಿಂದಲೋ ಕಪ್ಪು ಮದರಂಗಿಯಿಂದಲೋ ಮುಖ ಊದಿದವರು, ಬೊಕ್ಕೆ ಎದ್ದವರು ಮನೆಯಲ್ಲಿ ಪರೀಕ್ಷಿಸಲೇಬಾರದು. ಅವರಿಗೆ ಕಡಲೆಕಾಳಿನಷ್ಟು ಬಣ್ಣವೂ ಹೆಚ್ಚು. ಪರೀಕ್ಷೆಯ ವೇಳೆ ಕಣ್ಣುರೆಪ್ಪೆ ಊದಿದರೆ ಅಥವಾ ಉಸಿರು ಕಟ್ಟಿದರೆ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಮನೆಯ ಪರೀಕ್ಷೆಗೆ ಇನ್ನೊಂದು ಮಿತಿಯಿದೆ. ಮೈಗೆ ಈ ವಸ್ತುವಿನ ಪರಿಚಯವೇ ಇಲ್ಲದಿದ್ದರೆ ಮೊದಲ ಸಲ ಏನೂ ಕಾಣದೆ, ಮುಂದಿನ ಸಲ ಅಲರ್ಜಿ ಬರಬಹುದು. ಹಾಗಾಗಿ ಅದೇ ಕಂಪೆನಿಯ ಅದೇ ಡೈಯನ್ನು ವರ್ಷಗಳಿಂದ ಬಳಸುವ ನನ್ನ ಅತ್ತಿಗೆಯೂ ಪ್ರತಿ ಸಲ ಪರೀಕ್ಷಿಸಬೇಕಾಗುತ್ತದೆ. ಹಚ್ಚಿ ವಾರ ಹತ್ತು ದಿನಗಳ ಬಳಿಕ ಹಳೆಯ ಜಾಗ ಇದ್ದಕ್ಕಿದ್ದಂತೆ ತುರಿಸತೊಡಗಿದರೆ ಅದನ್ನೂ ಅಲರ್ಜಿಯೆಂದೇ ಎಣಿಸಬೇಕು.

ಉಪನಯನಕ್ಕೆ ನಾನು ಬಿಳಿಕೂದಲಲ್ಲೇ ಹೋದೆ. ಈಗ ಹಿತ್ತಲಿನ ಮದರಂಗಿ ಸೊಪ್ಪನ್ನು ಅರೆದು ಹಚ್ಚುತ್ತೇನೆ, ತಲೆ ಕೆಂಪಗಿರುತ್ತದೆ. ಅಂಗಡಿಯವರು "ಅಮೋನಿಯಾ ಇಲ್ಲ", "ಹರ್ಬಲ್" ಎಂದು ಕಪ್ಪು ಪುಡಿಯನ್ನು ತೋರಿಸಿದಾಗ ಪೊಟ್ಟಣದ ಹಿಂಭಾಗವನ್ನು ತಿರುಗಿಸಿ, ಪರ್ಸಿನಲ್ಲಿಟ್ಟ ವೈದ್ಯರ ಚೀಟಿಯಲ್ಲಿರುವ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತೇನೆ. ಕಳೆದ ವಾರ ನೋಡಿದ ಎರಡು ಪೊಟ್ಟಣಗಳ ಪೈಕಿ ಒಂದರಲ್ಲಿ, ಎಲೆಯ ಚಿತ್ರವಿದ್ದದ್ದರಲ್ಲಿ, ಆ ಹೆಸರು ಇತ್ತು.